ಅವರ ಕೈ, ನನ್ನ ಫ್ರೇಮು

"ಸ್ಟೈಲಿಗೇನು ಕಾಪಿರೈಟ್ ಇಲ್ಲಂತಲ್ರೀ. ಮತ್ತ ಆ ಆರ್ಟಿಸ್ಟ್ ತೆಗದಂಗ ನಮ್ಮ ಫೋಟೋ ಮಾಡಿಕೊಡ್ರಿ ಅಂದ್ರ ಯಾಕ ಒಲ್ಲೆ ಅಂತೀರಿ?"

ಗಿರಾಕಿಗಳು ನನ್ನನ್ನು ಹೀಗೆ ಕೇಳುತ್ತಿರುತ್ತಾರೆ. ನಾಲ್ಕು ವರ್ಷದ ಹಿಂದೆ ನಾನು ಹೂಂ ಅಂದಿದ್ದೆ. ಹುಬ್ಬಳ್ಳಿಯ ನನ್ನ ಸ್ಟುಡಿಯೋಕ್ಕೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಮುಂದೆ ತೆಗೆಸಿಕೊಂಡ ಫೋಟೋ ಕೊಟ್ಟು, ಮೊಬೈಲಿನಲ್ಲಿ ಧಾರವಾಡದ ಒಬ್ಬ ಜಲವರ್ಣ ಕಲಾವಿದರ ಚಿತ್ರ ತೋರಿಸಿ, "ಡಿಟ್ಟೋ ಹಿಂಗ ಆಗಬೇಕ್ರಿ" ಅಂದರು. ಕಂಪ್ಯೂಟರಿನಲ್ಲಿ ಒಂದೇ ಸಂಜೆಯಲ್ಲಿ ಮಾಡಿ, ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿಸಿ ಕೊಟ್ಟೆ. ಇನ್ನೊಂದು ಪ್ರತಿಯನ್ನು ಅಂಗಡಿಯ ಗಾಜಿನೊಳಗೂ ಇಟ್ಟೆ.

ಹದಿನೈದು ದಿನದಲ್ಲಿ ಆ ಕಲಾವಿದರೇ ಅಂಗಡಿಗೆ ಬಂದರು. ಹುಡುಗನ ಕಾಕಾ ಅವರ ಪರಿಚಯದವರಂತೆ. ಮನೆಯ ಗೋಡೆಯ ಮೇಲೆ ಚಿತ್ರ ನೋಡಿ, "ನಮ್ಮ ಹುಡುಗನ ಚಿತ್ರ ಛಲೋ ತೆಗದೀರಿ" ಎಂದು ಅವರಿಗೇ ಫೋನ್ ಮಾಡಿದ್ದರು. ಕಲಾವಿದರು ಸಿಟ್ಟು ಮಾಡಲಿಲ್ಲ. ಗಾಜಿನ ಮುಂದೆ ಬಹಳ ಹೊತ್ತು ನಿಂತು ನೋಡಿ, ಆಕಾಶದ ಮೂಲೆಯಲ್ಲಿದ್ದ ಕಂದು ಬಣ್ಣದ ಒಂದು ಸೊಟ್ಟ ಗೀರಿನ ಮೇಲೆ ಬೆರಳಿಟ್ಟರು. ನಾನು ಅದನ್ನು ಒಣ ಟೊಂಗೆ ಅಂದುಕೊಂಡಿದ್ದೆ. "ಇದು ನನ್ನ ಸಹಿ" ಅಂದರು. ಅಕ್ಷರಗಳು ಕಲಸಿಹೋಗಿದ್ದವು, ಆದರೆ ಬಣ್ಣ ಅದೇ, ಬಾಗು ಅದೇ.

ಸಹಿ ಹೇಗೆ ಬಂತು ಎಂದು ತಿಳಿಯಲು ನಾನು ಬಳಸಿದ ತಂತ್ರದ ಒಳಗನ್ನು ಸ್ವಲ್ಪ ನೋಡಬೇಕು. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಗ್ಯಾಟಿಸ್, ಎಕರ್, ಬೆತ್ಗೆ ಎಂಬ ಮೂವರು ಪ್ರಕಟಿಸಿದ ವಿಧಾನ ಅದು, ಸ್ಟೈಲ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಎರಡು ಚಿತ್ರ ಕೊಡಬೇಕು. ಏನು ಕಾಣಬೇಕು ಅನ್ನುವುದನ್ನು ಮೊದಲನೆಯದರಿಂದ, ಹೇಗೆ ಕಾಣಬೇಕು ಅನ್ನುವುದನ್ನು ಎರಡನೆಯದರಿಂದ ಅದು ತೆಗೆದುಕೊಳ್ಳುತ್ತದೆ. ಎರಡನೆಯ ಚಿತ್ರದಲ್ಲಿ ಯಾವ ಬಣ್ಣದ ಜೊತೆ ಯಾವ ಗೀರು, ಯಾವ ಅಂಚಿನ ಜೊತೆ ಯಾವ ಕಲೆ ಎಷ್ಟು ಕೂಡಿ ಬರುತ್ತದೆ ಎಂಬ ಲೆಕ್ಕವನ್ನು ಹಿಡಿದು, ಅದು ಎಲ್ಲಿತ್ತು ಎಂಬುದನ್ನು ಬಿಟ್ಟು, ಅದೇ ಲೆಕ್ಕ ಫೋಟೋದಲ್ಲೂ ಬರುವ ತನಕ ಫೋಟೋವನ್ನು ತಿದ್ದುತ್ತ ಹೋಗುತ್ತದೆ. ಅಂದರೆ ಅದು ಕಲಾವಿದರ ಶೈಲಿಯನ್ನು ಕಲಿಯುವುದಿಲ್ಲ. ನಾನು ಕೊಟ್ಟ ಆ ಒಂದು ಚಿತ್ರದ ಗುರುತುಗಳನ್ನು ಎತ್ತಿಕೊಳ್ಳುತ್ತದೆ. ಗುರುತಿನ ಅಳತೆ ಸಣ್ಣದಿಟ್ಟರೆ ಕಾಗದದ ತರಿ, ಬಣ್ಣ ಹರಿದ ರೀತಿ ಇಷ್ಟೇ ಬರುತ್ತದೆ. 'ಡಿಟ್ಟೋ' ಆಗಲಿ ಎಂದು ದೊಡ್ಡದಿಟ್ಟರೆ ಎಲೆಯ ತುಂಡು, ಬೆರಳಿನ ತುದಿ, ಸಹಿಯ ಬಾಲ ಎಲ್ಲ ಮುರಿದ ಚೂರುಗಳಾಗಿ ಬಂದು ಕೂಡುತ್ತವೆ. ನಾನು ದೊಡ್ಡದಿಟ್ಟಿದ್ದೆ.

ಕಾಪಿರೈಟಿನ ಮಾತಿಗೆ ಬರೋಣ. 1957ರ ನಮ್ಮ ಕಾಯಿದೆ ಶೈಲಿಯನ್ನು ರಕ್ಷಿಸುವುದಿಲ್ಲ ಅನ್ನುವುದು ಖರೆ. ಕಲ್ಪನೆಗೆ ಹಕ್ಕಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ಹಕ್ಕು ಎಂದು ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ. ಆದರೆ ಯಂತ್ರಕ್ಕೆ ತಿನ್ನಿಸಲು ಅವರ ಚಿತ್ರವನ್ನು ನಾನು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಇಟ್ಟೆನಲ್ಲ, ಅದು ಶೈಲಿಯಲ್ಲ, ಕೃತಿಯೇ. ಕಲಾಕೃತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಸಂಗ್ರಹಿಸಿಡುವುದನ್ನೂ ಆ ಕಾಯಿದೆಯ 14ನೇ ಕಲಮು ಮಾಲೀಕರ ಹಕ್ಕಿನೊಳಗೆ ಸೇರಿಸಿದೆ. ಮನೆಯಲ್ಲಿ ನಿಮ್ಮ ಖುಷಿಗೆ ಮಾಡಿಕೊಂಡರೆ ಖಾಸಗಿ ಬಳಕೆಯ ವಿನಾಯಿತಿ ಕೇಳಬಹುದು. ಬಿಲ್ ಹಾಕಿ ಮಾರುವ ನಾನು ಅದರ ಮರೆಯಲ್ಲಿ ನಿಲ್ಲಲಾರೆ.

ಆದರೂ ಅವತ್ತು ನನ್ನನ್ನು ತಡೆದದ್ದು ಕಾಯಿದೆಯಲ್ಲ. "ಎಲ್ಲೆ ಬಣ್ಣ ಹಚ್ಚಬಾರದು ಅನ್ನೂದು ತಿಳಿಯಾಕ ನನಗ ಇಪ್ಪತ್ತು ವರ್ಷ ಹಿಡೀತು ನೋಡ್ರಿ" ಅಂದರು ಅವರು. ಒಂದು ಕುಟುಂಬದ ಚಿತ್ರಕ್ಕೆ ಅವರು ಎರಡು ವಾರ ಕೂರುತ್ತಾರೆ. ಅವರ ಊರಿನಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಅವರದೇ ಗಿರಾಕಿಗಳಿಗೆ, ಅವರ ಕೈಯನ್ನೇ ನಾನು ಹತ್ತನೇ ಒಂದು ಪಾಲು ದರಕ್ಕೆ ಮಾರಿದ್ದೆ. ಆ ಕಾಕಾ ಮಾಡಿದ ಫೋನೇ ಇದಕ್ಕೆ ಸಾಕ್ಷಿ.

"ಕಲಿಯೋರೆಲ್ಲ ನಕಲು ಮಾಡೇ ಕಲೀತಾರಲ್ರೀ" ಎಂದು ಕೆಲವರು ವಾದಿಸುತ್ತಾರೆ. ನಮ್ಮ ಭಾಗದಲ್ಲಿ ಈ ವಾದಕ್ಕೆ ಉತ್ತರ ಕಿವಿಗೇ ಗೊತ್ತಿದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು, ಇಬ್ಬರದೂ ಕಿರಾಣಾ ಘರಾಣೆ. ಆದರೂ ಒಂದು ಆಲಾಪ ಕೇಳಿದರೆ ಯಾರದು ಎಂದು ತಿಳಿಯುತ್ತದೆ. ಗುರುವಿನ ಗಾಯನ ಶಿಷ್ಯರ ಕಂಠದೊಳಗೆ ವರ್ಷಗಟ್ಟಲೆ ಹಾದು ಬೇರೆಯಾಗಿದೆ, ಗುರುವಿನ ಹೆಸರನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. ನನ್ನ ಕಂಪ್ಯೂಟರಿನಲ್ಲಿ ಆ ಚಿತ್ರ ಯಾರ ಕೈಯನ್ನೂ ಹಾದಿರಲಿಲ್ಲ, ಫ್ರೇಮಿನ ಮೇಲೆ ಅವರ ಹೆಸರೂ ಇರಲಿಲ್ಲ.

ಈಗ ಗಿರಾಕಿ ಮೊಬೈಲ್ ಚಾಚಿದರೆ ನಾನು ಮೊದಲು, "ಇದರಾಗ ನಿಮಗ ಏನು ಸೇರೈತಿ?" ಎಂದು ಕೇಳುತ್ತೇನೆ. ಇಡೀ ಕಲಾವಿದರೇ ಬೇಕು ಅನ್ನುವವರು ಬಹಳ ಕಡಿಮೆ. ಆ ಜೋಡಿಯನ್ನೇ ಮತ್ತೆ ಕರೆಸಿ ಕೇಳಿದಾಗ ಹುಡುಗಿ ಹೇಳಿದ್ದು ಎರಡೇ: ಸಂಜೆಯ ಹಳದಿ ಬೆಳಕು, ಮತ್ತು ಅಂಚಿನಲ್ಲಿ ಬಣ್ಣ ನೀರಿನೊಳಗೆ ಕರಗಿದಂತೆ ಹೋಗುವುದು. ಎರಡೂ ಯಾರೊಬ್ಬರ ಸ್ವತ್ತಲ್ಲ. ಹಸಿ ಕಾಗದಕ್ಕೆ ಬಣ್ಣ ಬಿಟ್ಟರೆ ಯಾರಿಗಾದರೂ ಹಾಗೆಯೇ ಹರಿಯುತ್ತದೆ. ಆ ಕಲಾವಿದರದೇ ಆದದ್ದು ಬೇರೆ: ನೆರಳಿಗೆಲ್ಲ ಒಂದೇ ನೀಲಿ, ಕಣ್ಣು ಬರೆಯದೆ ಬಿಟ್ಟ ಮುಖ, ಸೆರಗಿನ ಮೇಲೆ ಚಾಕುವಿನಿಂದ ಕೆರೆದ ಬಿಳಿ ಗೆರೆ. ಈ ಮೂರೂ ಒಟ್ಟಿಗೆ ಬಂದರೆ ಸಹಿ ಮುಚ್ಚಿದರೂ ಅವರ ಹೆಸರು ಬರುತ್ತದೆ. ಅದಕ್ಕೆ ಆ ಮೂರನ್ನೂ ಬಿಟ್ಟೆ.

ದಪ್ಪ ಜಲವರ್ಣ ಕಾಗದ ತಂದು, ಒದ್ದೆ ಮಾಡಿ, ಕಾವಿ, ಹಳದಿ, ಎರೆಮಣ್ಣಿನ ಬೂದುಗಪ್ಪು ಹರಿಬಿಟ್ಟು ನಾನೇ ಎಂಟು ಹಾಳೆ ಮಾಡಿದೆ. ಒಣಗಿದ ಮೇಲೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚೆನ್ನಾಗಿ ಬಂದ ಮೂರನ್ನು ಶೈಲಿಯ ಚಿತ್ರವಾಗಿ ಕೊಟ್ಟೆ. ಅಳತೆ ಸಣ್ಣದಿಟ್ಟೆ, ಮುಖಗಳಿಗೆ ಮಾಸ್ಕ್ ಹಾಕಿ ಅಲ್ಲಿ ಪರಿಣಾಮ ಅರ್ಧಕ್ಕಿಳಿಸಿದೆ. ಮೊದಲ ಸಲ ಗುಡಿಯ ಕಂಬಗಳೆಲ್ಲ ಕೆಸರಾದವು. ಕಲ್ಲಿನ ಕೆತ್ತನೆ ಉಳಿಯಲು ಫೋಟೋದ ಪಾಲನ್ನು ಎರಡು ಸಲ ಏರಿಸಬೇಕಾಯಿತು. ನಾಲ್ಕು ದಿನ ಹಿಡಿಯಿತು. ಹಳೆಯ ಫ್ರೇಮಿನ ಬದಲು ಇದನ್ನು ಪುಕ್ಕಟೆ ಕೊಟ್ಟೆ.

ಹಲವರ ಚಿತ್ರ ಬೆರೆಸಿದರೆ ತಪ್ಪಿಲ್ಲವಲ್ಲ ಅನ್ನುವವರಿದ್ದಾರೆ. ಮೂವರ ಚಿತ್ರ ಕೊಟ್ಟು ಒಂದಕ್ಕೆ ನೂರಕ್ಕೆ ಎಂಬತ್ತು ಪಾಲು ಇಟ್ಟರೆ ಅದು ಆ ಒಬ್ಬರದೇ. ತೀರಿಹೋದವರ ಚಿತ್ರ ಬಳಸುವುದಾದರೆ ನಿಧನರಾದ ವರ್ಷ ನೋಡಿ, ಆಮೇಲೆ ಹಕ್ಕು ಉಳಿಯುವ 60 ವರ್ಷ ಎಣಿಸುತ್ತೇನೆ. 1906ರಲ್ಲಿ ತೀರಿಕೊಂಡ ರವಿವರ್ಮರ ಚಿತ್ರ ಮುಕ್ತ. 1972ರಲ್ಲಿ ತೀರಿಕೊಂಡ ಜಾಮಿನಿ ರಾಯ್ ಅವರದು 2032 ಮುಗಿಯುವ ತನಕ ಮುಕ್ತವಲ್ಲ. ಕಸೂತಿ ಯಾರೊಬ್ಬರದೂ ಅಲ್ಲ, ನಿಜ. ಆದರೆ ಗವಂತಿ, ಮುರ್ಗಿ ಹೊಲಿಗೆ ಹಾಕುವ ಹೆಣ್ಣುಮಕ್ಕಳು ಇವತ್ತೂ ಅದರಿಂದ ಉಣ್ಣುತ್ತಿದ್ದಾರೆ. ಆ ವಿನ್ಯಾಸದ ಪ್ರಿಂಟನ್ನು ನಾನು ಕಸೂತಿ ಎಂಬ ಹೆಸರಿನಲ್ಲಿ ಮಾರುವುದಿಲ್ಲ.

ಆ ಕಲಾವಿದರ ಹತ್ತಿರ ಆಮೇಲೆ ಅನುಮತಿ ಕೇಳಿದೆ, ಪ್ರತಿ ಫ್ರೇಮಿಗೆ ಇಷ್ಟು ಎಂದು ಕೊಡುತ್ತೇನೆ ಅಂದೆ. ಅವರು ಒಲ್ಲೆ ಅಂದರು. ಗಾಜಿನೊಳಗಿನ ಪ್ರತಿಯನ್ನೂ ಫೈಲುಗಳನ್ನೂ ಅವರ ಮುಂದೆಯೇ ತೆಗೆದುಹಾಕಿದೆ. ಅವರದೇ ಬೇಕು ಎಂದು ಪಟ್ಟು ಹಿಡಿಯುವವರಿಗೆ, ಅವರು ಒಪ್ಪಿದ್ದರಿಂದ, ಅವರ ನಂಬರ್ ಕೊಡುತ್ತೇನೆ. ದರ ಕೇಳಿ ಬಹಳ ಮಂದಿ ಹಿಂದೆ ಸರಿಯುತ್ತಾರೆ. ಹೋದ ದೀಪಾವಳಿಗೆ ಇಬ್ಬರು ಹೋಗಿ ಚಿತ್ರ ಬರೆಸಿಕೊಂಡು, ಫ್ರೇಮ್ ಕಟ್ಟಿಸಲು ನನ್ನ ಹತ್ತಿರ ತಂದಿದ್ದರು.