ಕೂಸು ಅಲ್ಲ, ಮಾಣಿ

ಹೋದ ವಾರ ನಮ್ಮ ಮನೆ ಒಡತಿ ಅಕ್ಕನ ಮಗಳಿಗೆ ಹೆರಿಗೆಯಾಯ್ತು. ಬೆಳಿಗ್ಗೆ ಆರೂವರೆಗೆ ಅವರ ಅಳಿಯನ ವಾಟ್ಸಾಪ್ ಬಂತು: "ಮಗು ಹುಟ್ಟಿತು. ಇಬ್ಬರೂ ಆರಾಮ." ನಾನು ಒಲೆ ಮೇಲೆ ಹಾಲಿಟ್ಟಿದ್ದೆ. ಒಂದೇ ಕೈಯಲ್ಲಿ ಟೈಪ್ ಮಾಡಿ ಕಳಿಸಿದೆ: "ಅಭಿನಂದನೆ! ಕೂಸು ಹೇಗಿದೆ? ಕೂಸಿಗೆ ನಮ್ಮೆಲ್ಲರ ಮುತ್ತು."

ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ಅಕ್ಕನ ಫೋನು. "ಕೂಸು ಅಲ್ಲ ಮಾರಾಯ್ರೇ, ಮಾಣಿ! ನಿಮಗೆ ಯಾರು ಹೇಳಿದ್ದು ಕೂಸು ಅಂತ?"

ನಾನು ಹಾವೇರಿ ಕಡೆಯವಳು. ನಮ್ಮಲ್ಲಿ ಹುಟ್ಟಿದ್ದೆಲ್ಲಾ ಕೂಸೇ. ನಾನೀಗ ಇರುವ ಕಾಸರಗೋಡಿನ ಬದಿಯಡ್ಕದ ಹವ್ಯಕರ ಮಾತಿನಲ್ಲಿ ಮಾತ್ರ ಕೂಸು ಅಂದರೆ ಹುಡುಗಿ, ಮಾಣಿ ಅಂದರೆ ಹುಡುಗ. ಇಲ್ಲಿಗೆ ಬಂದು ಐದು ವರ್ಷವಾಯ್ತು, ಇದು ಗೊತ್ತಿರಲಿಲ್ಲ ಅಂತಲ್ಲ. ಹಾಲು ಉಕ್ಕುವ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ. ಪಕ್ಕದ ತುಳುವರ ಮನೆಯಲ್ಲಿ ಇದಕ್ಕೆ ತಿರುಗಾಮುರುಗಾ. ಅವರಿಗೆ ಗಂಡಾಗಲಿ ಹೆಣ್ಣಾಗಲಿ ಹುಟ್ಟಿದ್ದು 'ಬಾಲೆ'. ಆ ಶಬ್ದ ನಮ್ಮ ಕಡೆಯ ಕಿವಿಗೆ ಬಿದ್ದರೆ ಹುಡುಗಿಯೇ ಕಾಣುತ್ತಾಳೆ. ಗಂಡು ಹೆಣ್ಣಿನ ಮಾತೇ ಬೇಡ ಅಂತ ನಾನು ಹುಷಾರಾಗಿ ಆರಿಸಿಕೊಂಡ ಶಬ್ದವೇ ನನ್ನನ್ನು ಹಿಡಿದು ಹಾಕಿತು. 'ಮಗು' ಅಂದಿದ್ದರೆ ಮುಗಿದಿತ್ತು. ಅಳಿಯ ಬರೆದದ್ದೂ ಅದನ್ನೇ ಅಲ್ವಾ?

ಅಷ್ಟೊಂದು ಹುಷಾರು ಯಾಕೆ ಅಂದರೆ, ಎರಡು ವರ್ಷದ ಹಿಂದೆ ಒಂದು ಪೆಟ್ಟು ತಿಂದಿದ್ದೆ. ನನ್ನ ಜೊತೆ ಕೆಲಸ ಮಾಡುವ ಬಂಟರ ಗೆಳತಿಯೊಬ್ಬಳಿದ್ದಾಳೆ, ಮಂಜೇಶ್ವರದವಳು. ಅವಳಿಗೆ ಎರಡನೇ ಮಗಳು ಹುಟ್ಟಿದಾಗ ನಾನು ಬರೆದದ್ದು ಇದು: "ಎರಡನೆಯದೂ ಹೆಣ್ಣಾದರೂ ಚಿಂತೆ ಮಾಡಬೇಡ. ಮನೆಗೆ ಲಕ್ಷ್ಮಿ ಬಂದಿದ್ದಾಳೆ." ತುಂಬಾ ಒಳ್ಳೆಯ ಮಾತು ಬರೆದೆ ಅಂದುಕೊಂಡಿದ್ದೆ. ಸಂಜೆ ಉತ್ತರ ಬಂತು: "ಚಿಂತೆ ಎಂತಕ್ಕೆ? ನಮ್ಮಲ್ಲಿ ಹೆಣ್ಣು ಹುಟ್ಟದಿದ್ರೆ ಕುಟುಂಬ ಮುಂದೆ ಹೋಗುವುದು ಹೇಗೆ?"

ಇಲ್ಲಿ ಬಂಟರದ್ದು, ಬಿಲ್ಲವರದ್ದು ಅಳಿಯಕಟ್ಟು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. 'ಬಳಿ' ಅಂದರೆ ವಂಶದ ಗುರುತು, ಅದೂ ತಾಯಿಯದ್ದೇ. ತರವಾಡು ಅನ್ನುವ ತಾಯಿ ಕಡೆಯ ಕೂಡುಕುಟುಂಬದ ಆಸ್ತಿ ಪದ್ಧತಿಯನ್ನು ಕೇರಳದ 1975ರ ಕಾಯ್ದೆ ತೆಗೆದುಹಾಕಿತು. ಬಳಿ ಮಾತ್ರ ಹಾಗೇ ಇದೆ, ಮದುವೆ ಮಾತು ಬಂದಾಗ ಈಗಲೂ ಕೇಳುತ್ತಾರೆ. ಮಗ ಎಷ್ಟೇ ಮುದ್ದಿನವನಾದರೂ ಅವನ ಮಕ್ಕಳು ಹೆಂಡತಿಯ ಬಳಿಗೆ ಹೋಗುತ್ತಾರೆ. ಅಂಥ ಮನೆಗೆ ಹೋಗಿ ನಾನು 'ಚಿಂತೆ ಬೇಡ' ಅಂದಿದ್ದೆ. ಅವಳು ನಕ್ಕು ಬಿಟ್ಟಳು. ನನಗೆ ಮಾತ್ರ ಎರಡು ದಿನ ನಾಚಿಕೆ.

ಆಮೇಲೆ ಬುದ್ಧಿ ಬಂತು ಅಂದುಕೊಳ್ಳಬೇಡಿ. ಅದೇ ವರ್ಷ ಇನ್ನೊಬ್ಬ ತುಳು ಗೆಳತಿಗೆ ಮೂರನೇ ಗಂಡು ಮಗು. ಕಲಿತ ಪಾಠವನ್ನು ತಿರುವಿ ಹಾಕಿ ಬರೆದೆ: "ನಿಮ್ಮ ಕುಟುಂಬಕ್ಕೆ ಒಂದು ಹೆಣ್ಣು ಬೇಕಿತ್ತಲ್ವಾ, ಇರಲಿ." ಅವಳು ಉತ್ತರ ಕೊಡಲೇ ಇಲ್ಲ. ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಅತ್ತೆ, ಅಮ್ಮ, ನರ್ಸು ಎಲ್ಲರೂ ಅದನ್ನೇ ಹೇಳಿದ್ರು, ಕೊನೆಗೆ ನೀವು ಕೂಡ" ಅಂದಳು. ಯಾರಿಗೆ ಏನು ಬೇಕಿತ್ತು ಅನ್ನುವುದು ಜಾತಿ ನೋಡಿ ಗೊತ್ತಾಗುವುದಲ್ಲ.

ಆ ಎರಡೂ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ. ಲಕ್ಷ್ಮಿಯ ಮಾತು ದೊಡ್ಡ ತಪ್ಪಲ್ಲ. ತಪ್ಪಿರುವುದು ಸಣ್ಣ ಸಣ್ಣ ಬಾಲಗಳಲ್ಲಿ. 'ಹೆಣ್ಣಾದರೂ' ಅನ್ನುವುದರ ಕೊನೆಯ 'ಊ' ತೆಗೆಯಿರಿ, ಅರ್ಧ ಮರುಕ ಅಲ್ಲೇ ಹೋಗುತ್ತದೆ. 'ಎರಡನೆಯದೂ' ಅನ್ನುವುದರಲ್ಲಿ ಎಣಿಕೆ ಇದೆ. 'ಇರಲಿ' ಅನ್ನುವುದರಲ್ಲಿ ನಷ್ಟ ಇದೆ. 'ಗಂಡೇ ಆಯ್ತಂತೆ!' ಅಂದರೆ ಆ 'ಏ' ಕೇಳಿ ಹೆಣ್ಣು ಹೆತ್ತ ಪಕ್ಕದ ಹಾಸಿಗೆಯವಳು ಮುಖ ತಿರುಗಿಸುತ್ತಾಳೆ. ಕನ್ನಡದಲ್ಲಿ ಮನಸ್ಸಿನ ಆಸೆಯೆಲ್ಲಾ ಈ ಒಂದಕ್ಷರದ ಬಾಲಗಳಿಗೆ ಜೋತು ಬಿದ್ದಿರುತ್ತದೆ. ನಾವು ಸುಮ್ನೆ ಅಭ್ಯಾಸಕ್ಕೆ ಹಾಕಿರುತ್ತೇವೆ, ಓದುವವರು ಪೂರ್ತಿ ಓದುತ್ತಾರೆ.

ನಮ್ಮ ಊರಲ್ಲಿ ಬಾಲಗಳಿಗೆ ಬರವೇ ಇಲ್ಲ. "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಅಂತ ಹರಸುವವರು, ಎರಡೂ ಆರತಿಯೇ ಆದ ಮನೆಗೆ ಹೋಗಿಯೂ ಅದನ್ನೇ ಹರಸುತ್ತಾರೆ. ನಾನು ಹುಟ್ಟಿದ್ದು ತವರಿನಲ್ಲಿ, ಮೂರನೆಯವಳಾಗಿ. ಅಜ್ಜ ಅಪ್ಪನಿಗೆ ಬರೆದ ಇನ್‌ಲ್ಯಾಂಡ್ ಪತ್ರ ಅವ್ವನ ಟ್ರಂಕಿನಲ್ಲಿತ್ತು. ನೀಲಿ ಕಾಗದ, ಮಡಿಕೆಯ ಮೇಲೆ ಹರಿದಿತ್ತು. "ಹೆಣ್ಣು ಕೂಸು. ತಾಯಿ ಮಗು ಕ್ಷೇಮ. ಚಿಂತಿ ಮಾಡಬ್ಯಾಡ." ಹೈಸ್ಕೂಲಿನಲ್ಲಿದ್ದಾಗ ಅದನ್ನು ಓದಿ, "ಅಪ್ಪ ಚಿಂತಿ ಮಾಡಿದ್ನಾ?" ಅಂತ ಅವ್ವನನ್ನು ಕೇಳಿದ್ದೆ. "ನಿನ್ನ ನೋಡಾಕ ಬರಾಕ ಇಪ್ಪತ್ತು ದಿನ ತಗೊಂಡ" ಅಂದಿದ್ದಳು, ಅಕ್ಕಿ ಆರಿಸುತ್ತಾ. ಮಂಜೇಶ್ವರದ ಗೆಳತಿಗೆ ನಾನು ಕಳಿಸಿದ್ದು ಅಜ್ಜನ ಪತ್ರವನ್ನೇ. ನನ್ನ ಬಗ್ಗೆ ಬರೆದ ಮಾತನ್ನು ನಾನೇ ಇನ್ನೊಬ್ಬರ ಮಗಳಿಗೆ ಬರೆದಿದ್ದೆ.

ಇರಲಿ. ಅಳಿಯನಿಗೆ ಕಳಿಸಿದ್ದು ಕಳಿಸಿಯಾಯ್ತು. ಅಕ್ಕನ ಮಗಳಿಗೆ ಬೇರೆಯಾಗಿ ಬರೆಯಬೇಕಿತ್ತು. ಈ ಸಲ ಹಾಲು ಇಳಿಸಿ ಕೂತೆ.

ಮೊದಲು ಬರೆದದ್ದು "ಮಾಣಿ ಬಂದನಂತೆ, ಮನೆ ಬೆಳಗಲಿ." ಅಳಿಸಿದೆ. ಕೂಸಾಗಿದ್ದರೆ ಮನೆ ಕತ್ತಲೆಯಾಗುತ್ತಿತ್ತಾ? ನಾನೇ ಇಟ್ಟುಕೊಂಡ ಪರೀಕ್ಷೆ ಇದು. ಮಾಣಿ ಇರುವಲ್ಲಿ ಕೂಸು ಹಾಕಿ ಓದುವುದು. ವಾಕ್ಯ ಎಲ್ಲಾದರೂ ಎಡವಿದರೆ ಅಲ್ಲೊಂದು ಆಸೆ ಅಡಗಿದೆ ಅಂತ ಅರ್ಥ. ಎರಡನೆಯದು "ಗಂಡು ಮಗುವಿನ ತಾಯಿಯಾದೆ, ಅಭಿನಂದನೆ." ಪರೀಕ್ಷೆ ಪಾಸಾಯ್ತು, ಆದರೂ ಆಸ್ಪತ್ರೆಯ ರಿಜಿಸ್ಟರಿನ ಹಾಗೆ ಕೇಳಿಸಿತು. 'ಗಂಡು ಮಗು', 'ಹೆಣ್ಣು ಮಗು' ಅಂದರೆ ವಿಂಗಡಣೆ. 'ಮಗ', 'ಮಗಳು' ಅಂದರೆ ನೆಂಟಸ್ತಿಕೆ. ಅದನ್ನೂ ತಾಯಿ ತಂದೆ ಮೊದಲು ಹೇಳಲಿ, ನಾವು ಅವರದೇ ಶಬ್ದ ಹಿಡಿಯೋಣ. ಹೇಳದಿದ್ದರೆ ಕೇಳುವುದು ಬೇಡ. ಹುಟ್ಟುವ ಮೊದಲು ತಿಳಿಸುವುದನ್ನು 1994ರ ಕಾಯ್ದೆ ತಡೆದಿರುವುದರಿಂದ ಒಂಬತ್ತು ತಿಂಗಳ ಕುತೂಹಲವೆಲ್ಲಾ ಆ ಒಂದು ಬೆಳಿಗ್ಗೆಯೇ ಅವರ ಮೇಲೆ ಸುರಿದಿರುತ್ತದೆ. ಅವರು ಇಪ್ಪತ್ತು ಜನರಿಗೆ ಉತ್ತರ ಕೊಟ್ಟು ಸುಸ್ತಾಗಿರುತ್ತಾರೆ.

ಕೊನೆಗೆ ಕಳಿಸಿದ್ದು ಇಷ್ಟು:

"ಮಗು ಬಂದ ಸುದ್ದಿ ಕೇಳಿ ಬೆಳಿಗ್ಗೆಯೇ ಖುಷಿಯಾಯ್ತು. ನೀನು ಹೇಗಿದ್ದೀ? ನೋವು ಕಮ್ಮಿಯಾಯ್ತಾ, ನಿದ್ದೆ ಸಿಗ್ತಾ ಇದೆಯಾ? ನಿಮ್ಮ ಮೂವರಿಗೂ ನಮ್ಮ ಪ್ರೀತಿ. ನೋಡಲಿಕ್ಕೆ ಯಾವಾಗ ಬರಬಹುದು ಅಂತ ಬಿಡುವಾದಾಗ ಹೇಳು. ಈಗ ಉತ್ತರ ಬೇಡ."

ಬೇಡ ಅಂದರೂ ಮಧ್ಯಾಹ್ನ ಉತ್ತರ ಬಂತು. ನಿದ್ದೆ ಸಿಕ್ಕಿಲ್ಲವಂತೆ, ಹಾಲು ಬರುತ್ತಾ ಇಲ್ಲ ಅಂತ ಭಯವಂತೆ. ಮಾಣಿಯ ವಿಷಯ ಕೊನೆಯ ಸಾಲಿನಲ್ಲಿತ್ತು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. "ಏನು ಹುಟ್ಟೇತಿ?" ಅಂದಳು.

"ಮೂರು ಕೇಜಿ ನೂರು ಗ್ರಾಂ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಬಾಣಂತಿ ಹೆಂಗದಾಳ?"