ನೆಟ್‌ವರ್ಕಿಂಗ್‌ನಿಂದ ಸೈಬರ್ ಸೆಕ್ಯೂರಿಟಿಗೆ: ಎಸ್‌ಒಪಿಯಲ್ಲಿ ಏನು ಬರೆಯಬೇಕು?

"ಸರ್, ನಾನು ಸಿಸಿಎನ್ಎ ಮಾಡಿದೀನಿ, ನೆಟ್‌ವರ್ಕ್ ಸಪೋರ್ಟ್‌ನಲ್ಲಿ ಕೆಲಸ. ಸೆಕ್ಯೂರಿಟಿ ಕೆಲಸ ಮಾಡೇ ಇಲ್ಲ. ಹೊರದೇಶದಲ್ಲಿ ಸೈಬರ್ ಸೆಕ್ಯೂರಿಟಿ ಮಾಸ್ಟರ್ಸ್‌ಗೆ ಎಸ್‌ಒಪಿಲಿ ಏನಂತ ಬರೀಲಿ?"

ನೀವು ಸರಿಮಾಡಿದ ಒಂದೇ ಒಂದು ತೊಂದರೆಯನ್ನು ಹಿಡಿದುಕೊಳ್ಳಿ. ನಿಮ್ಮ ತಿಳಿವಳಿಕೆ ಎಲ್ಲಿ ನಿಂತುಹೋಯಿತೋ ಅಲ್ಲಿಯವರೆಗೆ ಅದರ ಹಿಂದೆ ಹೋಗಿ. ಅಲ್ಲಿಂದ ಮುಂದೆ ಏನು ಓದಬೇಕು ಅನ್ನೋದೇ ನಿಮ್ಮ ಎಸ್‌ಒಪಿ. "ಚಿಕ್ಕಂದಿನಿಂದ ಕಂಪ್ಯೂಟರ್ ಅಂದ್ರೆ ಆಸಕ್ತಿ" ಅನ್ನುವ ಸಾಲನ್ನು ಕನ್ಸಲ್ಟೆನ್ಸಿಯವರಿಗೇ ಬಿಟ್ಟುಬಿಡಿ.

ನಾನು ಓದಿ ತಿದ್ದಿಕೊಟ್ಟ ಒಂದು ಎಸ್‌ಒಪಿಯ ಕತೆ ಹೇಳುತ್ತೇನೆ. ಬರೆದವಳು ಒಂದು ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಹುಡುಗಿ. ಮೊದಲ ಕರಡಿನಲ್ಲಿ ರೂಟರ್, ಸ್ವಿಚ್, ವಿಲ್ಯಾನ್, ಫೈರ್‌ವಾಲ್ ಎಲ್ಲದರ ಹೆಸರೂ ಇತ್ತು. ಅದು ರೆಸ್ಯೂಮೆಯಲ್ಲೇ ಇದೆಯಲ್ಲ, ಮತ್ತೆ ಯಾಕೆ? ಮೂರನೇ ಪ್ಯಾರಾದಲ್ಲಿ ಮಾತ್ರ ಸುಮ್ನೆ ಒಂದು ಸಾಲು ಬಿದ್ದಿತ್ತು: "ಹಾಸ್ಟೆಲ್‌ನಲ್ಲಿ ರೋಗ್ ಡಿಎಚ್‌ಸಿಪಿ ಸಮಸ್ಯೆ ಬಗೆಹರಿಸಿದೆ." ಚಿನ್ನ ಇದ್ದದ್ದು ಅಲ್ಲಿ.

ನಡೆದದ್ದು ಇಷ್ಟು. ಒಂದು ಬ್ಲಾಕಿನ ಹುಡುಗರಿಗೆ ಆಗಾಗ ಇಂಟರ್ನೆಟ್ ಹೋಗುತ್ತಿತ್ತು. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಇವಳು ಒಬ್ಬನ ಲ್ಯಾಪ್‌ಟಾಪಿನಲ್ಲಿ `ipconfig /all` ಹೊಡೆದು ನೋಡಿದಳು. ಕಾಲೇಜಿನ ವಿಳಾಸ 10ರಿಂದ ಶುರುವಾಗಬೇಕು, ಅಲ್ಲಿ 192.168.0ರಿಂದ ಶುರುವಾಗುವ ವಿಳಾಸ ಇತ್ತು. ಡಿಎಚ್‌ಸಿಪಿ ಸರ್ವರ್ ಅನ್ನುವ ಕಡೆ ಯಾರದೋ ಮನೆಯ ವೈಫೈ ರೂಟರಿನ ವಿಳಾಸ. ಆ ರೂಟರಿನ ಮ್ಯಾಕ್ ವಿಳಾಸವನ್ನು ಸ್ವಿಚ್ಚಿನ ಟೇಬಲ್ಲಿನಲ್ಲಿ ಹುಡುಕಿದಾಗ ಪೋರ್ಟ್ ಸಿಕ್ಕಿತು. ಪೋರ್ಟಿನಿಂದ ರೂಮು ಸಿಕ್ಕಿತು. ಹುಡುಗನೊಬ್ಬ ರೂಟರ್ ತಂದು ಗೋಡೆಯ ಸಾಕೆಟ್ಟಿನ ಕೇಬಲ್ಲನ್ನು ವ್ಯಾನ್ ಪೋರ್ಟಿನ ಬದಲು ಲ್ಯಾನ್ ಪೋರ್ಟಿಗೆ ಚುಚ್ಚಿದ್ದ. ಲ್ಯಾಪ್‌ಟಾಪು ನೆಟ್‌ವರ್ಕಿಗೆ ಬಂದಾಗ "ನನಗೊಂದು ವಿಳಾಸ ಕೊಡಿ" ಎಂದು ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವರ ಮಾತನ್ನೇ ಕೇಳುತ್ತದೆ. ಪಕ್ಕದ ರೂಮಿನ ರೂಟರು ದೂರದ ಸರ್ವರಿಗಿಂತ ಎಷ್ಟೋ ಸಲ ಬೇಗ ಉತ್ತರ ಕೊಡುತ್ತಿತ್ತು.

ಅವಳು ಸ್ವಿಚ್ಚುಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದಳು. ಸಿಸ್ಕೊ ಸ್ವಿಚ್ಚಿನಲ್ಲಿ ಮುಖ್ಯ ಭಾಗ ಇಷ್ಟೇ:

```
ip dhcp snooping
ip dhcp snooping vlan 20
interface GigabitEthernet0/24
 ip dhcp snooping trust
```

ಅಂದರೆ, ಸರ್ವರಿನ ಕಡೆಗೆ ಹೋಗುವ ಪೋರ್ಟನ್ನು ನಂಬು. ಮಿಕ್ಕ ಪೋರ್ಟಿನಿಂದ ಯಾರಾದರೂ ವಿಳಾಸ ಹಂಚಲು ಬಂದರೆ ಬಿಸಾಕು. ಒಂದು ಸ್ವಿಚ್ಚಿನಲ್ಲಿ ಕೊನೆಯ ಸಾಲು ಬಿಟ್ಟುಹೋಗಿ ಹೊಸದಾಗಿ ಕನೆಕ್ಟ್ ಆದ ಯಾರಿಗೂ ವಿಳಾಸವೇ ಸಿಗಲಿಲ್ಲ. ಹಳಬರಿಗೆ ಲೀಸ್ ಮುಗಿಯುವವರೆಗೆ ನಡೆಯುತ್ತಿತ್ತು, ಹಾಗಾಗಿ ಗೊತ್ತಾಗಲು ತಡವಾಯಿತು. ಇದನ್ನೂ ಬರೆಯಲು ಹೇಳಿದೆ. ಕೆಲಸ ನಿಜವಾಗಿ ಮಾಡಿದವರಿಗೆ ಮಾತ್ರ ಗೊತ್ತಿರುವ ವಿವರ ಅದು, ಓದುವ ಪ್ರೊಫೆಸರ್‌ಗೆ ತಕ್ಷಣ ತಿಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅದು ಸಪೋರ್ಟ್ ಟಿಕೆಟ್ಟು. ನಾನು ಅವಳನ್ನು ಕೇಳಿದೆ: "ಆ ಹುಡುಗ ಬೇಕಂತಲೇ ಹಾಗೆ ಮಾಡಿದ್ದರೆ?" ಆಗ ಅವನು ತನ್ನ ಯಂತ್ರವನ್ನೇ ಗೇಟ್‌ವೇ ಅಂತ, ತನ್ನದನ್ನೇ ಡಿಎನ್‌ಎಸ್ ಅಂತ ಹಂಚಬಹುದಿತ್ತು. ಯಾರಿಗೂ ಇಂಟರ್ನೆಟ್ ಹೋಗುತ್ತಿರಲಿಲ್ಲ, ಯಾರೂ ದೂರು ಕೊಡುತ್ತಿರಲಿಲ್ಲ, ಅವನಿಂದ ವಿಳಾಸ ಪಡೆದವರ ಟ್ರಾಫಿಕ್ ಅವನ ಮೂಲಕ ಹಾದುಹೋಗುತ್ತಿತ್ತು. ತಪ್ಪಾಗಿ ಚುಚ್ಚಿದ ಕೇಬಲ್ಲಿಗೂ ದಾಳಿಗೂ ಸ್ವಿಚ್ಚಿನ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಸ್ನೂಪಿಂಗ್ ಕೂಡ ಪೋರ್ಟನ್ನು ನಂಬುತ್ತದೆ, ಉತ್ತರ ಕೊಡುತ್ತಿರುವವರು ಯಾರು ಅಂತ ಕೇಳುವುದಿಲ್ಲ.

ಯಾರು ಅಂತ ಕೇಳುವ ದಾರಿ ಇಲ್ಲವೇ? ಇದೆ. ಡಿಎಚ್‌ಸಿಪಿ ಸಂದೇಶಗಳು ನಿಜವೇ ಎಂದು ಪರೀಕ್ಷಿಸುವ ವಿಧಾನವನ್ನು 2001ರಲ್ಲೇ ಆರ್‌ಎಫ್‌ಸಿ 3118ರಲ್ಲಿ ಬರೆದಿಟ್ಟಿದ್ದಾರೆ. ಆದರೆ ಅದನ್ನು ಬಳಸುವವರು ಸಿಗುವುದೇ ಕಷ್ಟ. ಕಾರಣ, ನೆಟ್‌ವರ್ಕಿಗೆ ಬರುವ ಮೊದಲೇ ಪ್ರತಿ ಲ್ಯಾಪ್‌ಟಾಪಿನಲ್ಲೂ ಒಂದು ಗುಟ್ಟಿನ ಕೀ ಇರಬೇಕು. ಸಾವಿರಾರು ಹುಡುಗರು ತರುವ ಸಾವಿರಾರು ಯಂತ್ರಗಳಿಗೆ ಆ ಕೀಯನ್ನು ಯಾರು, ಹೇಗೆ ಹಾಕೋದು? ಅವಳ ತಿಳಿವಳಿಕೆ ನಿಂತದ್ದು ಈ ಜಾಗದಲ್ಲಿ. ಇದಕ್ಕೆ ಕ್ರಿಪ್ಟೋಗ್ರಫಿ ಬೇಕು, ಪ್ರೋಟೋಕಾಲ್ ಸರಿಯಿದೆಯೇ ಎಂದು ಗಣಿತದಿಂದ ಪರೀಕ್ಷಿಸುವ ವಿದ್ಯೆ ಬೇಕು. ಸಿಸಿಎನ್ಎಯಲ್ಲಿ ಅದು ಸಿಗುವುದಿಲ್ಲ. ಮಾಸ್ಟರ್ಸ್ ಯಾಕೆ ಅನ್ನುವುದಕ್ಕೆ ಅವಳ ಕಾರಣ ಅದೇ.

ಇಷ್ಟಾದ ಮೇಲೆ ಯಾವ ಯೂನಿವರ್ಸಿಟಿ ಅನ್ನುವ ಪ್ಯಾರಾ ತಾನಾಗಿ ಬರುತ್ತದೆ. ಅವಳ ಪಟ್ಟಿಯಲ್ಲಿ ಜರ್ಮನಿಯ ಸಾರ್‌ಲ್ಯಾಂಡ್ ಯೂನಿವರ್ಸಿಟಿ ಇತ್ತು. ಪಕ್ಕದಲ್ಲೇ ಸಿಸ್ಪಾ ಎಂಬ ದೊಡ್ಡ ಸೆಕ್ಯೂರಿಟಿ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ಕ್ಯಾಸ್ ಕ್ರೆಮರ್ಸ್ ಟ್ಯಾಮರಿನ್ ಎಂಬ ಸಾಧನವನ್ನು ಕಟ್ಟಿದವರಲ್ಲಿ ಒಬ್ಬರು. ಪ್ರೋಟೋಕಾಲಿನಲ್ಲಿ ದಾಳಿಗೆ ದಾರಿ ಇದೆಯೇ ಎಂದು ಅದು ಹುಡುಕುತ್ತದೆ. ಟಿಎಲ್‌ಎಸ್ 1.3 ಇನ್ನೂ ಕರಡಾಗಿದ್ದಾಗ ಅದನ್ನು ಇದರಲ್ಲಿ ಪರೀಕ್ಷಿಸಿದ್ದರು. ಅವಳ ಪ್ರಶ್ನೆಗೂ ಈ ಕೆಲಸಕ್ಕೂ ನೇರ ನಂಟು. ನಿಮ್ಮ ಪ್ರಶ್ನೆ ಬೇರೆಯಾದರೆ ಜಾಗವೂ ಬೇರೆ. ಜಾರ್ಜಿಯಾ ಟೆಕ್‌ನಲ್ಲಿ ಮಾಹಿತಿ ಭದ್ರತೆ, ಸೈಬರ್-ಫಿಸಿಕಲ್ ಸಿಸ್ಟಮ್ಸ್, ಪಾಲಿಸಿ ಅಂತ ಬೇರೆಬೇರೆ ದಾರಿಗಳಿವೆ. ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಂಡವರಿಗೆ ಎರಡನೆಯದು ಹೊಂದುತ್ತದೆ. ಒಂದೇ ಎಸ್‌ಒಪಿಯಲ್ಲಿ ಹೆಸರು ಮಾತ್ರ ಬದಲಿಸಿ ಎಲ್ಲ ಕಡೆಗೂ ಕಳಿಸಿದರೆ ಈ ಪ್ಯಾರಾದಲ್ಲೇ ಸಿಕ್ಕಿಬೀಳುತ್ತೀರಿ.

ನೆಟ್‌ವರ್ಕಿಂಗ್ ಕಡೆಯಿಂದ ಬಂದವರ ಬಗ್ಗೆ ಕಮಿಟಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ಇವರಿಗೆ ಕೋಡ್ ಬರೆಯಲು, ಗಣಿತ ಮಾಡಲು ಬರುತ್ತದಾ? ಅದಕ್ಕೆ ಉತ್ತರ ಕೊಡದೆ ಬಿಡಬೇಡಿ. ಸ್ನೂಪಿಂಗ್ ಟೇಬಲ್ಲನ್ನು ಎಲ್ಲ ಸ್ವಿಚ್ಚುಗಳಿಂದ ತೆಗೆದು, ಒಂದೇ ಮ್ಯಾಕ್ ಎರಡು ಕಡೆ ಕಾಣಿಸಿದರೆ ತಿಳಿಸುವ ಪೈಥಾನ್ ಸ್ಕ್ರಿಪ್ಟನ್ನು ಅವಳು ಬರೆದಿದ್ದಳು. ಮೊದಲ ಕರಡಿನಲ್ಲಿ ಅದರ ಸುದ್ದಿಯೇ ಇರಲಿಲ್ಲ! ಎರಡು ಸಾಲಿನಲ್ಲಿ ಸೇರಿಸಿದೆವು. ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋಗಿ ಕನೆಕ್ಟ್ ಆದವನ ಹಳೆಯ ಲೀಸ್ ಇನ್ನೂ ಮೊದಲ ಸ್ವಿಚ್ಚಿನ ಟೇಬಲ್ಲಿನಲ್ಲಿದ್ದರೆ ಅದು ಸುಳ್ಳು ಎಚ್ಚರಿಕೆ ಕೊಡುತ್ತಿತ್ತು, ಅದನ್ನೂ ಸೇರಿಸಿದೆವು. ಇಂಥ ಸ್ಕ್ರಿಪ್ಟ್ ನಿಮ್ಮ ಹತ್ತಿರ ಇಲ್ಲದಿದ್ದರೆ ಇಲ್ಲದ್ದನ್ನು ಬರೆಯಬೇಡಿ. ಡಿಗ್ರಿಯಲ್ಲಿ ಓದಿದ ಡಿಸ್ಕ್ರೀಟ್ ಮ್ಯಾತ್ಸ್, ಸಿ ಲ್ಯಾಬ್ ಇದ್ದರೆ ಅದನ್ನು ಒಂದು ಸಾಲಿನಲ್ಲಿ ಹೇಳಿ ಸಾಕು.

ಬರೆಯಬಾರದ್ದು ಎರಡಿದೆ. ಮೊದಲನೆಯದು, ನಿಮ್ಮ ಕಂಪನಿಯ ಅಥವಾ ಕ್ಲೈಂಟಿನ ನಿಜವಾದ ಐಪಿ ವಿಳಾಸ, ಫೈರ್‌ವಾಲಿನ ಮಾಡೆಲ್ಲು, ಇನ್ನೂ ಮುಚ್ಚದ ತೂತು. "ಒಂದು ಕ್ಯಾಂಪಸ್ ನೆಟ್‌ವರ್ಕ್" ಅಂದರೆ ಸಾಕು. ಬೇರೆಯವರ ಗುಟ್ಟನ್ನು ಅರ್ಜಿಯಲ್ಲೇ ಹೊರಹಾಕುವವರನ್ನು ಸೆಕ್ಯೂರಿಟಿ ಕೋರ್ಸಿಗೆ ಯಾರು ತೆಗೆದುಕೊಳ್ಳುತ್ತಾರೆ? ಎರಡನೆಯದು, "ಸೆಕೆಂಡ್ ಇಯರ್‌ನಲ್ಲಿ ಕಾಲೇಜಿನ ಪೋರ್ಟಲ್ ಹ್ಯಾಕ್ ಮಾಡಿದ್ದೆ" ಅನ್ನುವ ಸಾಹಸ. ಇದನ್ನು ಜಾಸ್ತಿ ಜನ ಹೆಮ್ಮೆಯಿಂದ ಬರೆಯುತ್ತಾರೆ. ಕೆಟ್ಟ ಉದ್ದೇಶದಿಂದ ಅನುಮತಿ ಇಲ್ಲದೆ ಒಳಗೆ ಹೋದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. ಉದ್ದೇಶ ಒಳ್ಳೆಯದಿತ್ತು ಅಂತ ವಾದ ಮಾಡುವ ಜಾಗ ಎಸ್‌ಒಪಿ ಅಲ್ಲ. ಅಭ್ಯಾಸ ಮಾಡಿದ್ದು ಮನೆಯಲ್ಲಿ ಜಿಎನ್‌ಎಸ್3 ಹಾಕಿಕೊಂಡು, ನಿಮ್ಮದೇ ವರ್ಚುವಲ್ ಯಂತ್ರಗಳ ಮೇಲೆ ಆಗಿದ್ದರೆ ಧಾರಾಳವಾಗಿ ಬರೆಯಿರಿ.