ಎಲಿವೇಟರ್ ಬೇರಿಂಗ್ ಮತ್ತು 256 ಮೆಟ್ಟಿಲುಗಳು

ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹಂಗಾಮು ಶುರುವಾಯಿತೆಂದರೆ ಯಂತ್ರಗಳು ಹಗಲು ರಾತ್ರಿ ನಿಲ್ಲುವುದಿಲ್ಲ. ಭತ್ತವನ್ನು ಕೆಳಗಿನ ಗುಂಡಿಯಿಂದ ಮೇಲಿನ ಮಹಡಿಗೆ ಒಯ್ಯುವ ಬಕೆಟ್ ಎಲಿವೇಟರ್ ನಿಂತರೆ ಅದರ ಹಿಂದೆಯೇ ಇಡೀ ಸಾಲು ನಿಲ್ಲುತ್ತದೆ. ಆದ್ದರಿಂದ ಎಲಿವೇಟರ್‌ನ ತುದಿಯಲ್ಲಿರುವ ಬೇರಿಂಗ್ ಪೂರ್ತಿ ಕೆಡುವ ಮುನ್ನವೇ ಅದರ ಕಂಪನವನ್ನು ಕೇಳಿ ಎಚ್ಚರಿಸುವ ಸಣ್ಣ ಉಪಕರಣವೊಂದನ್ನು ನಾನು ಒಂದು ಮಿಲ್ಲಿಗಾಗಿ ಸಿದ್ಧಪಡಿಸುತ್ತಿದ್ದೆ. ಬೇರಿಂಗ್ ಇರುವ ಎತ್ತರದಲ್ಲಿ ಧೂಳು, ತೌಡು ಬಿಟ್ಟರೆ ಮೊಬೈಲ್ ಸಿಗ್ನಲ್ ಕೂಡ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಲೆಕ್ಕವೆಲ್ಲ ಅಲ್ಲೇ, ಬೇರಿಂಗ್ ಪಕ್ಕದ ಮೈಕ್ರೋಕಂಟ್ರೋಲರ್‌ನಲ್ಲೇ ಮುಗಿದು, ಕೆಳಗೆ ಒಂದು ದೀಪ ಹೊತ್ತಿಸುವಷ್ಟು ಸರಳವಾಗಬೇಕಿತ್ತು.

ಕಂಪನ ಅಳೆಯಲು ಎಡಿಎಕ್ಸ್‌ಎಲ್345 ಎಂಬ ಸೆನ್ಸರ್ ಬಳಸಿದ್ದೆ. ಅದು ಸೆಕೆಂಡಿಗೆ 3200 ಸಲ ಅಳತೆ ಕೊಡುತ್ತದೆ. ಅದರಲ್ಲಿ 1024 ಅಳತೆಗಳನ್ನು ಒಟ್ಟಿಗೆ ತೆಗೆದುಕೊಂಡು, ಕಂಪನವನ್ನು ಆವರ್ತನಗಳಾಗಿ ಬಿಡಿಸುವ ಎಫ್‌ಎಫ್‌ಟಿ ಮಾಡಿ, 32 ಆವರ್ತನ ಪಟ್ಟಿಗಳ ಶಕ್ತಿಯನ್ನು ಲೆಕ್ಕ ಹಾಕುತ್ತೇನೆ. ಪ್ರತಿ 512 ಹೊಸ ಅಳತೆಗಳಿಗೊಮ್ಮೆ, ಅಂದರೆ 160 ಮಿಲಿಸೆಕೆಂಡಿಗೊಮ್ಮೆ, ಇಂತಹ ಒಂದು ಸಾಲು ತಯಾರಾಗುತ್ತದೆ. ಹಿಂದಿನ 32 ಸಾಲುಗಳನ್ನು ಜೋಡಿಸಿದ 32×32ರ ಚೌಕವೇ ನ್ಯೂರಲ್ ನೆಟ್‌ವರ್ಕಿಗೆ ಸಿಗುವ ಚಿತ್ರ. ನೆಟ್‌ವರ್ಕ್ ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು: ಎಲ್ಲವೂ ಸರಿ ಇದೆ, ಬೆಲ್ಟ್ ಸಡಿಲವಾಗಿದೆ, ಬೇರಿಂಗ್ ಕೆಡುತ್ತಿದೆ. ಮುಂದಿನ ಸಾಲು ಬರುವುದರೊಳಗೆ ಈ ಉತ್ತರ ಸಿದ್ಧವಾಗಿರಬೇಕಾದ್ದರಿಂದ ನನ್ನ ಕೈಯಲ್ಲಿದ್ದ ಸಮಯ 160 ಮಿಲಿಸೆಕೆಂಡು ಮಾತ್ರ.

ಬೋರ್ಡಿನಲ್ಲಿ ಇದ್ದದ್ದು 84 ಮೆಗಾಹರ್ಟ್ಸ್ ವೇಗದ ಎಸ್‌ಟಿಎಂ32 ಎಫ್401 ಚಿಪ್. ಅದರ ಫ್ಲ್ಯಾಶ್ 512 ಕಿಲೋಬೈಟ್, ರ‍್ಯಾಮ್ 96 ಕಿಲೋಬೈಟ್. ನನ್ನ ನೆಟ್‌ವರ್ಕಿನ ತೂಕಗಳು, ಅಂದರೆ ತರಬೇತಿಯಲ್ಲಿ ಅದು ಕಲಿತ ಸಂಖ್ಯೆಗಳು, ಇಪ್ಪತ್ತಮೂರು ಸಾವಿರ ಚಿಲ್ಲರೆ. ದಶಮಾಂಶ ರೂಪದಲ್ಲಿ ಒಂದೊಂದಕ್ಕೆ 4 ಬೈಟ್ ಕೊಟ್ಟರೂ ಅವು ಫ್ಲ್ಯಾಶಿನಲ್ಲಿ ಆರಾಮವಾಗಿ ಕೂರುತ್ತವೆ. ಇಕ್ಕಟ್ಟು ಇದ್ದದ್ದು ರ‍್ಯಾಮಿನಲ್ಲಿ. ಮೊದಲ ಪದರದ ಫಲಿತಾಂಶ 32×32×16, ಅಂದರೆ 16,384 ಸಂಖ್ಯೆಗಳು. ಅದನ್ನು ಓದುತ್ತಾ ಎರಡನೆಯ ಪದರ ಬರೆಯುವುದು 16×16×32, ಅಂದರೆ 8,192 ಸಂಖ್ಯೆಗಳು. ಓದುವುದು, ಬರೆಯುವುದು ಏಕಕಾಲಕ್ಕೆ ನಡೆಯುವುದರಿಂದ ಎರಡೂ ಒಟ್ಟಿಗೆ ರ‍್ಯಾಮಿನಲ್ಲಿ ಇರಲೇಬೇಕು. ದಶಮಾಂಶದಲ್ಲಿ ಅವೆರಡಕ್ಕೇ 96 ಕಿಲೋಬೈಟ್ ಬೇಕು. ಬೇರೇನಕ್ಕೂ ಒಂದು ಬೈಟ್ ಸಹ ಉಳಿಯುವುದಿಲ್ಲ. ಪ್ರತಿ ಸಂಖ್ಯೆಯನ್ನು 1 ಬೈಟಿನ ಪೂರ್ಣಾಂಕಕ್ಕೆ ಇಳಿಸಿದರೆ 24 ಕಿಲೋಬೈಟ್ ಸಾಕು. ಹೀಗೆ ಇಳಿಸುವುದಕ್ಕೇ ಕ್ವಾಂಟೈಸೇಶನ್ ಎನ್ನುತ್ತಾರೆ. ಅದಿಲ್ಲದೆ ಈ ನೆಟ್‌ವರ್ಕ್ ಆ ಚಿಪ್ಪಿನ ಮೇಲೆ ಓಡುವ ಮಾತೇ ಇರಲಿಲ್ಲ.

ಕ್ವಾಂಟೈಸೇಶನ್ನಿನ ತಿರುಳೆಲ್ಲ `r = S × (q − Z)` ಎಂಬ ಒಂದು ಸೂತ್ರದಲ್ಲಿದೆ. ಇಲ್ಲಿ `r` ಎಂಬುದು ನಿಜವಾದ ಸಂಖ್ಯೆ, `q` ಎಂಬುದು −128ರಿಂದ 127ರವರೆಗಿನ ಪೂರ್ಣಾಂಕ, ಅಂದರೆ 256 ಮೆಟ್ಟಿಲುಗಳಲ್ಲಿ ಒಂದು, `S` ಎಂಬುದು ಒಂದು ಮೆಟ್ಟಿಲಿನ ಎತ್ತರ, `Z` ಎಂಬುದು ನಿಜವಾದ ಸೊನ್ನೆ ಯಾವ ಪೂರ್ಣಾಂಕದ ಮೇಲೆ ಕೂರುತ್ತದೆ ಎಂಬುದರ ಗುರುತು. ಪ್ರತಿ ಪದರದ ಫಲಿತಾಂಶಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಎಂಬುದನ್ನು ತಿಳಿದರೆ ಮಾತ್ರ `S` ಮತ್ತು `Z` ನಿರ್ಧರಿಸಲು ಸಾಧ್ಯ. ಅದಕ್ಕಾಗಿ, ನೆಟ್‌ವರ್ಕನ್ನು ಪೂರ್ಣಾಂಕಕ್ಕೆ ಇಳಿಸುವ ಟೆನ್ಸರ್‌ಫ್ಲೋ ಲೈಟ್‌ನ ಪರಿವರ್ತಕಕ್ಕೆ ನಿಜವಾದ ಕಂಪನದ ಕೆಲವು ನೂರು ಮಾದರಿಗಳನ್ನು ಉಣಿಸಬೇಕಾಗುತ್ತದೆ.

```python
def rep():
    for x in calib:
        yield [x[None].astype("float32")]

c.optimizations = [tf.lite.Optimize.DEFAULT]
c.representative_dataset = rep
c.target_spec.supported_ops = [tf.lite.OpsSet.TFLITE_BUILTINS_INT8]
c.inference_input_type = tf.int8
c.inference_output_type = tf.int8
```

ಈ ಸಾಲುಗಳಲ್ಲಿ `c` ಎಂಬುದು ಆ ಪರಿವರ್ತಕ, `calib` ಎಂಬುದು ಆ ಕಂಪನದ ಮಾದರಿಗಳು. `calib` ಒಳಗೆ ಏನಿದೆ ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ ಎಂಬುದು ನನಗೆ ಪೂರ್ತಿ ಮನದಟ್ಟಾದದ್ದು ನವೆಂಬರಿನಲ್ಲಿ ಮಿಲ್ಲಿನಲ್ಲಿ ಕಳೆದ ಒಂದು ದಿನ.

ಆ ದಿನ ಬೋರ್ಡನ್ನು ಎಲಿವೇಟರ್ ತುದಿಯ ಬೇರಿಂಗ್ ಮನೆಗೆ ಬಿಗಿದು, ಉದ್ದದ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದ್ದೆ. ಬೋರ್ಡ್ ತಾನು ಲೆಕ್ಕ ಹಾಕಿದ 32 ಪಟ್ಟಿಗಳ ಶಕ್ತಿಯನ್ನು ಲ್ಯಾಪ್‌ಟಾಪಿಗೂ ಕಳಿಸುತ್ತಿತ್ತು. ಹಾಗಾಗಿ ಒಂದೇ ಕಂಪನಕ್ಕೆ ಬೋರ್ಡಿನ ಪೂರ್ಣಾಂಕ ಮಾದರಿ ಏನು ಹೇಳುತ್ತದೆ, ಲ್ಯಾಪ್‌ಟಾಪಿನ ದಶಮಾಂಶ ಮಾದರಿ ಏನು ಹೇಳುತ್ತದೆ ಎಂದು ಪಕ್ಕಪಕ್ಕದಲ್ಲಿ ನೋಡಬಹುದಿತ್ತು. ಮಿಲ್ಲಿನ ಫಿಟ್ಟರ್ ಆ ಬೇರಿಂಗ್ ಮೇಲೆ ಅಂಗೈ ಇಟ್ಟು, "ಗ್ರೀಸ್ ಹೊಡದ್ರೂ ಬಿಸಿ ಆಗಾಕತ್ತೈತ್ರೀ ಸರ. ಇನ್ನೊಂದಿಷ್ಟು ದಿನ ನಡೀತೈತಿ, ಆಮ್ಯಾಲ ಬದಲಿ ಮಾಡಬೇಕಾಗತೈತಿ" ಎಂದರು. ಲ್ಯಾಪ್‌ಟಾಪ್ ಅವರ ಮಾತನ್ನೇ ಹೇಳಿತು: ಬೇರಿಂಗ್ ಕೆಡುತ್ತಿದೆ, ಸಂಭವನೀಯತೆ 0.81. ಬೋರ್ಡ್ ಮಾತ್ರ "ಸರಿ ಇದೆ" ಎಂಬ ಉತ್ತರಕ್ಕೆ 96 ಎಂದು ಕೊಟ್ಟಿತು. ಉತ್ತರಗಳಿಗೆ ಸಂಭವನೀಯತೆ ಕೊಡುವ ಕೊನೆಯ ಸಾಫ್ಟ್‌ಮ್ಯಾಕ್ಸ್ ಪದರದಲ್ಲಿ ಮೆಟ್ಟಿಲು 1/256, ಸೊನ್ನೆಯ ಜಾಗ −128; ಆದ್ದರಿಂದ 96 ಎಂದರೆ 224/256, ಅಂದರೆ 0.875. ಕೆಡುತ್ತಿರುವ ಬೇರಿಂಗನ್ನು ಅದು ಗಟ್ಟಿ ದನಿಯಲ್ಲೇ ಸರಿ ಎನ್ನುತ್ತಿತ್ತು.

ಇಂತಹ ಹೊತ್ತಿನಲ್ಲಿ ಮೊದಲು ಬೇರ್ಪಡಿಸಬೇಕಾದದ್ದು, ದೋಷ ಬೋರ್ಡಿನ ಕೋಡಿನಲ್ಲಿದೆಯೋ ಕ್ವಾಂಟೈಸೇಶನ್ನಿನಲ್ಲಿದೆಯೋ ಎಂಬುದನ್ನು. ಪರಿವರ್ತಕ ಕೊಟ್ಟ, ಬೋರ್ಡಿಗೆ ಹಾಕಿದ ಅದೇ `.tflite` ಫೈಲನ್ನು ಲ್ಯಾಪ್‌ಟಾಪಿನಲ್ಲಿ ಅದೇ ಅಂಕಿಗಳ ಮೇಲೆ ಓಡಿಸಿದೆ. ಅದೂ 96ರ ಆಸುಪಾಸಿನ ಉತ್ತರವನ್ನೇ ಕೊಟ್ಟದ್ದರಿಂದ ಚಿಪ್, ಕೇಬಲ್, ಸೆನ್ಸರ್ ಎಲ್ಲವೂ ಸಂಶಯದಿಂದ ಹೊರಬಿದ್ದವು. ಪರೀಕ್ಷೆಗೆಂದು ಎತ್ತಿಟ್ಟಿದ್ದ ದತ್ತಾಂಶದಲ್ಲಿ ಪೂರಾ ಸವೆದ ಬೇರಿಂಗ್‌ಗಳೇ ಹೆಚ್ಚಾಗಿದ್ದುದರಿಂದ, ಅಲ್ಲಿ ಎರಡೂ ಮಾದರಿಗಳ ಸರಾಸರಿ ನಿಖರತೆ ಹೆಚ್ಚುಕಡಿಮೆ ಒಂದೇ ಆಗಿ ಕಂಡಿತ್ತು. ಆಗತಾನೇ ಕೆಡತೊಡಗಿದ ಬೇರಿಂಗಿನಲ್ಲಿ ಮಾತ್ರ ಅವು ಬೇರೆ ಬೇರೆ ದಾರಿ ಹಿಡಿದಿದ್ದವು.

ಮಿಲ್ಲಿನ ಆಫೀಸಿನಲ್ಲಿ ಕುಳಿತು, ನೆಟ್‌ವರ್ಕಿನ ಒಳಗೆ ಇಳಿಯುವ ಮುನ್ನ ಅದಕ್ಕೆ ಸಿಗುತ್ತಿದ್ದ ಪೂರ್ಣಾಂಕಗಳನ್ನೇ ಪರದೆಯ ಮೇಲೆ ಮುದ್ರಿಸಿದೆ. ಸಾಲಿನ ಮೇಲೆ ಸಾಲು −128, −127, −126, ಮತ್ತೆ −126, −127. 256 ಮೆಟ್ಟಿಲುಗಳಲ್ಲಿ ಕೆಳಗಿನ ನಾಲ್ಕಾರು ಮಾತ್ರ ಬಳಕೆಯಲ್ಲಿದ್ದವು. ಕಾರಣವೂ ಅಲ್ಲೇ ಇತ್ತು. ಎಲಿವೇಟರ್‌ನ ಬುಡದಲ್ಲಿ ಭತ್ತ ಕಟ್ಟಿಕೊಂಡಾಗ ಬಕೆಟ್‌ಗಳು ಬಡಿಯುವ ಹೊಡೆತ ಬಲು ಜೋರು. ಅಂತಹ ಕ್ಷಣಗಳೂ `calib`ನಲ್ಲಿ ಇದ್ದುದರಿಂದ ಪರಿವರ್ತಕವು ಒಳಹರಿವಿನ ವ್ಯಾಪ್ತಿಯನ್ನು 0ಯಿಂದ 51ರವರೆಗೆ ಹಿಗ್ಗಿಸಿತ್ತು. 51ನ್ನು 255ರಿಂದ ಭಾಗಿಸಿದರೆ ಒಂದು ಮೆಟ್ಟಿಲಿನ ಎತ್ತರ 0.2. ಬೇರಿಂಗ್ ಚೆನ್ನಾಗಿದ್ದಾಗ ಅದರ ಮುಖ್ಯ ಪಟ್ಟಿಯ ಶಕ್ತಿ 0.32ರಷ್ಟು, ಕೆಡತೊಡಗಿದಾಗ 0.46ರಷ್ಟು. 0.2ರಿಂದ ಭಾಗಿಸಿ ಪೂರ್ಣಗೊಳಿಸಿದರೆ 1.6ಕ್ಕೂ 2.3ಕ್ಕೂ ಸಿಗುವುದು 2ನೇ ಮೆಟ್ಟಿಲೇ, ಅಂದರೆ −126. ಭತ್ತದ ಚೀಲ ತೂಗುವ ಕಾಂಟಾದ ಮೇಲೆ ಬಂಗಾರವನ್ನು ಇಟ್ಟಂತಾಗಿತ್ತು. ದಶಮಾಂಶ ಮಾದರಿಗೆ ಈ ತೊಂದರೆ ಇರಲಿಲ್ಲ, ಏಕೆಂದರೆ ದಶಮಾಂಶ ರೂಪದಲ್ಲಿ ಸಂಖ್ಯೆ ಚಿಕ್ಕದಾದಂತೆ ಮೆಟ್ಟಿಲೂ ಚಿಕ್ಕದಾಗುತ್ತಾ ಹೋಗುತ್ತದೆ. 8 ಬಿಟ್ಟಿನ ಪೂರ್ಣಾಂಕದಲ್ಲಿ ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರ.

ಜೋರು ಹೊಡೆತಗಳನ್ನು ಕತ್ತರಿಸಿ, ವ್ಯಾಪ್ತಿಯನ್ನು 0ಯಿಂದ 2 ಎಂದು ಬಿಗಿಗೊಳಿಸುವುದು ಒಂದು ದಾರಿ. ಅನೇಕ ಕಡೆ ಅದು ಸಾಕಾಗುತ್ತದೆ. ನಾನು ಅದನ್ನು ಬಿಟ್ಟೆ, ಏಕೆಂದರೆ ಸಡಿಲ ಬೆಲ್ಟಿನ ಲಕ್ಷಣ ಇರುವುದು ಆ ದೊಡ್ಡ ಶಕ್ತಿಗಳಲ್ಲೇ. ಅವೆಲ್ಲ 127ರಲ್ಲಿ ಹೋಗಿ ಗುಡ್ಡೆಯಾದರೆ ಬೆಲ್ಟಿನ ಸುದ್ದಿ ಕಳೆದುಹೋಗುತ್ತದೆ. ಬದಲಿಗೆ ಪ್ರತಿ ಶಕ್ತಿಗೆ 0.002 ಕೂಡಿಸಿ ಅದರ ಲಾಗರಿದಮ್ ತೆಗೆದೆ. ಆಗ ವ್ಯಾಪ್ತಿ −6.2ರಿಂದ 4ರವರೆಗೆ ಬಂತು: `S` 0.04, `Z` 27. ಈಗ 0.32 ಹೋಗಿ ಕೂರುವುದು −1ರ ಮೇಲೆ, 0.46 ಹೋಗಿ ಕೂರುವುದು 8ರ ಮೇಲೆ. ಮೊದಲು ಒಂದೇ ಮೆಟ್ಟಿಲಿನಲ್ಲಿದ್ದ ಎರಡು ಸ್ಥಿತಿಗಳ ನಡುವೆ ಒಂಬತ್ತು ಮೆಟ್ಟಿಲುಗಳ ಅಂತರ ಸಿಕ್ಕಿತು, ದೊಡ್ಡ ಹೊಡೆತಗಳಿಗೂ ಜಾಗ ಉಳಿಯಿತು. ಒಳಹರಿವು ಬದಲಾದ ಮೇಲೆ ಹಳೆಯ ತೂಕಗಳು ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ನೆಟ್‌ವರ್ಕಿಗೆ ಹೊಸದಾಗಿ ತರಬೇತಿ ಕೊಡಬೇಕಾಯಿತು. ಇಷ್ಟು ಚಿಕ್ಕ ನೆಟ್‌ವರ್ಕಿಗೆ ಲ್ಯಾಪ್‌ಟಾಪೇ ಸಾಕು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಮುಗಿದಿತ್ತು.

ವೇಗದ ವಿಷಯವನ್ನು ಇಲ್ಲೇ ಹೇಳಬೇಕು. ಪೂರ್ಣಾಂಕಕ್ಕೆ ಇಳಿಸಿದ ಮಾತ್ರಕ್ಕೆ ಮಾದರಿ ತಾನಾಗಿ ವೇಗ ಪಡೆಯುತ್ತದೆ ಎಂದು ಹಲವರು ನಂಬಿರುತ್ತಾರೆ, ಅದು ನಿಜವಲ್ಲ. ಒಂದು ಉತ್ತರಕ್ಕೆ ಈ ನೆಟ್‌ವರ್ಕ್ ಸುಮಾರು 25 ಲಕ್ಷ ಗುಣಾಕಾರಗಳನ್ನು ಮಾಡುತ್ತದೆ. ಬೋರ್ಡಿನಲ್ಲಿ ನೆಟ್‌ವರ್ಕ್ ಓಡಿಸುವ ಟೆನ್ಸರ್‌ಫ್ಲೋ ಲೈಟ್ ಮೈಕ್ರೋದ ಸಾಮಾನ್ಯ ಕೋಡಿನಲ್ಲಿ, ಎಂಟು ಬಿಟ್ಟಿನ ಅಂಕಿಗಳಿದ್ದರೂ, ಚಿಪ್ಪಿನ ಗಡಿಯಾರದ ಏಟುಗಳನ್ನು ಎಣಿಸುವ `DWT->CYCCNT`ನಿಂದ ಅಳೆದಾಗ ನನಗೆ ಸಿಕ್ಕದ್ದು 600 ಮಿಲಿಸೆಕೆಂಡಿನ ಆಸುಪಾಸು. ಇಂತಹ ಚಿಪ್ಪುಗಳಿಗೆಂದೇ ಬರೆದ ಕೋಡನ್ನು ಬಳಸುವಂತೆ `OPTIMIZED_KERNEL_DIR=cmsis_nn` ಎಂದು ಕೊಟ್ಟು ಪ್ರೋಗ್ರಾಮನ್ನು ಮತ್ತೆ ಕಟ್ಟಿದಾಗ ಅದು 90ರ ಹತ್ತಿರಕ್ಕೆ ಇಳಿಯಿತು. ಚಿಪ್ಪಿನೊಳಗಿನ ಕಾರ್ಟೆಕ್ಸ್-ಎಂ4ನಲ್ಲಿ `SMLAD` ಎಂಬ ಆದೇಶವಿದೆ. ಅದು 16 ಬಿಟ್ಟಿನ ಎರಡು ಜೋಡಿಗಳನ್ನು ಒಂದೇ ಏಟಿಗೆ ಗುಣಿಸಿ ಮೊತ್ತಕ್ಕೆ ಸೇರಿಸುತ್ತದೆ. ಆ ಆದೇಶವನ್ನು ಬಳಸುವಂತೆ ಬರೆದ ಕೋಡ್ ಇದ್ದಾಗ ಮಾತ್ರ ಕ್ವಾಂಟೈಸೇಶನ್ನಿನ ವೇಗ ಕೈಗೆ ಸಿಗುತ್ತದೆ.

ಸಂಜೆ ಹೊಸ ಫೈಲನ್ನು ಬೋರ್ಡಿಗೆ ಹಾಕಿ ಮತ್ತೆ ಅದೇ ಬೇರಿಂಗಿಗೆ ಬಿಗಿದೆವು. ಈ ಸಲ ಬೋರ್ಡ್ ಬೇರಿಂಗಿನ ಉತ್ತರಕ್ಕೆ 70 ಎಂದಿತು, ಅಂದರೆ 0.77. ಹೊಸ ದಶಮಾಂಶ ಮಾದರಿಗೂ ಅದಕ್ಕೂ ಅತ್ಯಲ್ಪ ವ್ಯತ್ಯಾಸ. ಫಿಟ್ಟರ್ ದೀಪ ನೋಡಿ, "ನನ್ ಕೈಗೆ ಹತ್ತಿದ್ದು ಇದಕ್ಕೂ ಹತ್ತೇತ್ ಬಿಡ್ರಿ" ಎಂದವರು, ಪಕ್ಕದ ಅಕ್ಕಿ ಎಲಿವೇಟರಿಗೂ ಒಮ್ಮೆ ಕಟ್ಟಿ ನೋಡಲು ಹೇಳಿದರು. ಅದರ ಮೋಟರಿನ ವೇಗ ಬೇರೆ, ಚೌಕಟ್ಟು ಹಗುರ. ಕಟ್ಟಿದ ಕೂಡಲೇ ಒಳಹರಿವಿನ ಪೂರ್ಣಾಂಕಗಳಲ್ಲಿ 127 ಮತ್ತೆ ಮತ್ತೆ ಕಾಣಿಸಿಕೊಂಡಿತು. ಅಲ್ಲಿನ ಕಂಪನ ನಾನು `calib`ನಲ್ಲಿ ಕೊಟ್ಟ ಮಾದರಿಗಳ ವ್ಯಾಪ್ತಿಯನ್ನು ಮೀರಿ ಮೇಲಿನ ತುದಿಗೆ ತಗಲುತ್ತಿತ್ತು. ದೀಪ ಆಗ ಏನೇ ತೋರಿಸಿದರೂ ಅದನ್ನು ನಂಬುವಂತಿಲ್ಲ ಎಂದು ಅವರಿಗೆ ತಿಳಿಸಿದೆ. ಪ್ರತಿ ಚೌಕದಲ್ಲಿ −128 ಮತ್ತು 127 ಎಷ್ಟು ಸಲ ಬಂತೆಂದು ಎಣಿಸಿ, ಅದು ಮಿತಿ ಮೀರಿದರೆ ಉತ್ತರ ಕೊಡುವ ಬದಲು ಹಳದಿ ದೀಪ ಹೊತ್ತಿಸುವ ನಾಲ್ಕು ಸಾಲುಗಳನ್ನು ಅಲ್ಲೇ ಕೋಡಿಗೆ ಸೇರಿಸಿದೆ. ಅಕ್ಕಿ ಎಲಿವೇಟರಿನ ಕಂಪನವನ್ನು ಖಾಲಿ ಓಡುವಾಗ, ತುಂಬಿ ಓಡುವಾಗ, ಚಾಲೂ ಮಾಡುವಾಗ ಬೇರೆ ಬೇರೆಯಾಗಿ ದಾಖಲಿಸಿ `calib`ಗೆ ಸೇರಿಸುವವರೆಗೆ ಅಲ್ಲಿ ಹಳದಿ ದೀಪವೇ ಉರಿಯುತ್ತಿರಲಿ ಎಂದು ತೀರ್ಮಾನಿಸಿದೆವು.